ಹತ್ತು ತಾಸು ನಿಲ್ಲುವ ಪಾದಕ್ಕೆ ಬೇಕಾದ ಆಸರೆ

ಬಟ್ಟೆ ಅಂಗಡಿಯಲ್ಲಿ ನಡೆಯುವುದು ಕಡಿಮೆ, ನಿಲ್ಲುವುದೇ ಹೆಚ್ಚು. ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ನಮ್ಮಂಥ ಅಂಗಡಿ ಇಟ್ಟವರು ಬೆಳಿಗ್ಗೆ ಹತ್ತಕ್ಕೆ ಷಟರ್ ಎತ್ತಿದರೆ, ಊಟದ ಹೊತ್ತು ಬಿಟ್ಟು, ರಾತ್ರಿ ಒಂಬತ್ತರವರೆಗೆ ಕೌಂಟರಿನ ಹಿಂದೆಯೇ. ನೆಲಕ್ಕೆ ಗ್ರಾನೈಟ್ ಹಾಸು. ಲಕ್ಷ್ಮಿ ಕೂತ ಜಾಗ ಎಂದು ಚಪ್ಪಲಿ ಹೊಸ್ತಿಲಾಚೆ. ಅಂದರೆ ಹತ್ತು ತಾಸು ಬರಿಗಾಲು, ಕಲ್ಲಿನ ಮೇಲೆ. ಚಪ್ಪಟೆ ಪಾದದವರಿಗೆ ಹಿಮ್ಮಡಿ ನೋವು ಬಂದಾಗ ಎಲ್ಲರೂ ಮೊದಲು ನೋಡುವುದು ಚಪ್ಪಲಿಯನ್ನು. ಆದರೆ ದಿನದ ಬಹುಪಾಲು ಕಾಲಲ್ಲಿ ಚಪ್ಪಲಿಯೇ ಇರುವುದಿಲ್ಲ ಎನ್ನುವುದು ಲೆಕ್ಕಕ್ಕೆ ಬರುವುದೇ ಇಲ್ಲ. ನನ್ನ ಬಲಗಾಲಿನ ಚಿಕಿತ್ಸೆ ದಾರಿಗೆ ಬಂದದ್ದು ಈ ಲೆಕ್ಕ ಸರಿಮಾಡಿದ ಮೇಲೆ. ಹಾಗಾಗಿ ಅದನ್ನೇ ಕ್ರಮವಾಗಿ ಬರೆಯುತ್ತೇನೆ.

ನೋವಿನ ಗುರುತು ಸ್ಪಷ್ಟವಾಗಿತ್ತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಊರುವ ಮೊದಲ ಹೆಜ್ಜೆಗೆ ಹಿಮ್ಮಡಿಯ ಒಳಬದಿಯಲ್ಲಿ ಮೊಳೆ ಚುಚ್ಚಿದಂತೆ. ಹತ್ತಿಪ್ಪತ್ತು ಹೆಜ್ಜೆ ಹಾಕಿದರೆ ಕಡಿಮೆ. ಮಧ್ಯಾಹ್ನ ಊಟಕ್ಕೆ ಕೂತು ಎದ್ದರೆ ಮತ್ತೆ ಅದೇ ಚುಚ್ಚು. ಸಂಜೆಯ ಹೊತ್ತಿಗೆ ಚುಚ್ಚು ಹೋಗಿ ಅಂಗಾಲಿನ ನಡುಭಾಗವೆಲ್ಲ ಎಳೆತ, ಉರಿ. ಮೂಳೆ ಡಾಕ್ಟರು ಹೆಬ್ಬೆರಳನ್ನು ಮೇಲಕ್ಕೆ ಬಗ್ಗಿಸಿ ಹಿಡಿದು, ಹಿಮ್ಮಡಿ ಮೂಳೆ ಮುಗಿದು ಅಂಗಾಲು ಶುರುವಾಗುವ ಕಡೆ ಒಳಬದಿಗೆ ಒತ್ತಿದರು. ನೋವಿನ ಜಾಗ ಅದೇ. ಬಳಿಕ ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅಂಗೈಗಳ ನಡುವೆ ಹಿಸುಕಿದರು. ಹಾಗೆ ಹಿಸುಕಿದಾಗ ಜೋರು ನೋವಾದರೆ ಮೂಳೆಯಲ್ಲೇ ಸಣ್ಣ ಬಿರುಕಿರುವ ಅನುಮಾನ. ನನಗೆ ಆಗಲಿಲ್ಲ. ಜುಮುಜುಮು, ಮರಗಟ್ಟುವುದು ಉಂಟೇ ಎಂದು ಕೇಳಿದರು, ಅದಿದ್ದರೆ ನರದ ತೊಂದರೆ. ಎರಡೂ ಹಿಮ್ಮಡಿಗೆ ಒಟ್ಟಿಗೆ ನೋವು, ಬೆಳಿಗ್ಗೆ ಅರ್ಧ ತಾಸಿಗಿಂತ ಹೆಚ್ಚು ಸೊಂಟ ಬಿಗಿತ ಇದ್ದರೆ ಅದು ಸಂಧಿವಾತದ ದಾರಿ, ಬೇರೆಯೇ ಪರೀಕ್ಷೆ. ಇವೆಲ್ಲ ಇಲ್ಲವೆಂದಾದ ಮೇಲೆ ಉಳಿದದ್ದು ಪ್ಲಾಂಟರ್ ಫೇಸಿಯೈಟಿಸ್. ಹಿಮ್ಮಡಿ ಮೂಳೆಯಿಂದ ಬೆರಳ ಬುಡದವರೆಗೆ ಅಂಗಾಲಿನಡಿ ಒಂದು ದಪ್ಪ ನಾರುಪಟ್ಟಿ ಹಾದುಹೋಗುತ್ತದೆ. ಅದು ಮೂಳೆಗೆ ಹತ್ತಿಕೊಂಡ ಜಾಗದಲ್ಲಿ ಎಳೆದೆಳೆದು ಸವೆಯುವುದೇ ಈ ರೋಗ.

ಎಕ್ಸ್‌ರೇಯಲ್ಲಿ ಹಿಮ್ಮಡಿಯಿಂದ ಮುಂದಕ್ಕೆ ಚಾಚಿದ ಒಂದು ಸಣ್ಣ ಮುಳ್ಳು ಕಂಡಿತು. ‘ಮೂಳೆ ಬೆಳೆದಿದೆ’ ಎಂದು ಹೆದರಿ ಆಪರೇಷನ್ ಮಾತಾಡುವವರು ನಮ್ಮಲ್ಲಿ ಬಹಳ. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಇದೇ ಮುಳ್ಳು ಕಾಣುತ್ತದೆ, ನೋವು ಪೂರ್ತಿ ಹೋದ ಮೇಲೂ ಅದು ಅಲ್ಲೇ ಇರುತ್ತದೆ. ಮುಳ್ಳು ತೆಗೆಯುವುದು ಚಿಕಿತ್ಸೆಯಲ್ಲ. ಸಕ್ಕರೆ ಪರೀಕ್ಷೆ ಮಾತ್ರ ತಪ್ಪಿಸಬಾರದು. ಕಾರಣ ಮುಂದೆ ಬರುತ್ತದೆ.

ಚಪ್ಪಟೆ ಪಾದವನ್ನು ನೋಡಿದ್ದು ಫಿಸಿಯೋಥೆರಪಿಸ್ಟ್. ಒದ್ದೆ ಕಾಲನ್ನು ನೆಲಕ್ಕೆ ಒತ್ತಿ ಗುರುತು ನೋಡುವುದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಒಳಬದಿಯ ಒಳಸರಿದ ಗೆರೆ ಕಾಣದೆ ಇಡೀ ಪಾದ ಮೂಡಿದರೆ ಚಪ್ಪಟೆ ಎಂದರ್ಥ. ಆದರೆ ಅದರಿಂದ ತಿಳಿಯಬೇಕಾದ್ದು ತಿಳಿಯುವುದಿಲ್ಲ. ಆಕೆ ನನ್ನ ಹಿಂದೆ ಕೂತು, “ಅಣ್ಣಾ, ಗೋಡೆ ಹಿಡಕೊಂಡು ಎರಡೂ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ರಿ” ಎಂದರು. ನೆಲದ ಮೇಲೆ ನಿಂತಾಗ ಹೊರಕ್ಕೆ ಸೊಟ್ಟಗಿದ್ದ ಹಿಮ್ಮಡಿ, ತುದಿಗಾಲಲ್ಲಿ ನಿಂತಾಗ ಒಳಕ್ಕೆ ತಿರುಗಿ ಅಂಗಾಲಿನ ಒಳಬದಿಯ ಕಮಾನು ಎದ್ದು ಬಂದರೆ ಅದು ಮೆತುವಾದ ಚಪ್ಪಟೆ ಪಾದ. ಕಮಾನು ಇದೆ, ಭಾರ ಬಿದ್ದಾಗ ಕುಸಿಯುತ್ತದೆ, ಅಷ್ಟೇ. ಇಂಥ ಪಾದಕ್ಕೆ ಕೆಳಗಿನಿಂದ ಆಸರೆ ಕೊಡಬಹುದು. ತುದಿಗಾಲಲ್ಲೂ ಕಮಾನು ಏಳದಿದ್ದರೆ ಅದು ಬಿಗಿದ ಚಪ್ಪಟೆ ಪಾದ. ಅದರಡಿ ಎತ್ತರದ ಇನ್‌ಸೋಲ್ ಇಟ್ಟರೆ ಪಾದ ಮೇಲೇಳುವುದಿಲ್ಲ, ನೋವು ಏಳುತ್ತದೆ.

ಮುಂದಿನದು ಒಂದೇ ಕಾಲಲ್ಲಿ ತುದಿಗಾಲು. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಲಾಗದೆ, ಒಳಬದಿಯ ಕಣಕಾಲಿನ ಹಿಂದೆ ನೋವು ಊತ ಇದ್ದು, ಒಂದು ಪಾದ ಮಾತ್ರ ಇತ್ತೀಚೆಗೆ ಚಪ್ಪಟೆಯಾಗುತ್ತ ಬಂದಿದ್ದರೆ ಕಮಾನನ್ನು ಎತ್ತಿ ಹಿಡಿಯುವ ಸ್ನಾಯುರಜ್ಜುವೇ ಹಾಳಾಗುತ್ತಿದೆ ಎಂದು ತಿಳಿಯಬೇಕು. ಅವರು ಅಂಗಡಿಯ ಇನ್‌ಸೋಲ್ ಕೊಂಡು ಕಾಯುತ್ತ ಕೂರಬಾರದು, ಮೂಳೆ ಡಾಕ್ಟರ ಹತ್ತಿರ ಬೇಗ ಹೋಗಬೇಕು. ನನ್ನದು ಹುಟ್ಟಿನಿಂದ ಬಂದ ಮೆತು ಚಪ್ಪಟೆ, ಎರಡೂ ಕಾಲು ಒಂದೇ ರೀತಿ.

ನಿಂತರೆ ಯಾಕೆ ಇಷ್ಟು ನೋವು ಎಂಬುದನ್ನೂ ಆಕೆಯೇ ಬಿಡಿಸಿ ಹೇಳಿದರು. ನಡೆಯುವಾಗ ಕಾಲಿನ ಸ್ನಾಯುಗಳು ಸರದಿಯಲ್ಲಿ ಕೆಲಸ ಮಾಡುತ್ತವೆ. ಸುಮ್ಮನೆ ನಿಂತಾಗ ಅವು ಸಡಿಲಾಗಿ ಭಾರ ಹೆಚ್ಚಾಗಿ ನಾರುಪಟ್ಟಿಯಂಥವುಗಳ ಮೇಲೆ ಬೀಳುತ್ತದೆ. ಮೆತು ಚಪ್ಪಟೆ ಪಾದ ಭಾರಕ್ಕೆ ಕುಸಿದಾಗ ಹಿಮ್ಮಡಿಗೂ ಬೆರಳ ಬುಡಕ್ಕೂ ನಡುವಿನ ಅಂತರ ಹಿಗ್ಗುತ್ತದೆ. ಪಟ್ಟಿ ಹಗ್ಗದಂತೆ ಎಳೆದುಕೊಂಡೇ ಇರುತ್ತದೆ, ತಾಸುಗಟ್ಟಲೆ. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಪಟ್ಟಿ ಕುಗ್ಗಿ ಬಿಗಿಯುತ್ತದೆ. ಬೆಳಿಗ್ಗೆ ಮೊದಲ ಹೆಜ್ಜೆಗೆ ಅದು ಏಕಾಏಕಿ ಎಳೆದುಕೊಳ್ಳುವುದೇ ಆ ಚುಚ್ಚು.

ಇದು ಅರ್ಥವಾದರೆ ಹಿಮ್ಮಡಿಯಡಿ ಇಡುವ ಸಿಲಿಕೋನ್ ಜೆಲ್ ಬಟ್ಟಲು ಯಾಕೆ ಸಾಲದು ಎಂಬುದೂ ಅರ್ಥವಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಮೊದಲು ಕೈಗೆ ಬರುವುದು ಅದೇ. ಹಿಮ್ಮಡಿಯ ನಟ್ಟನಡುವೆ, ಅಡಿಯ ಕೊಬ್ಬಿನ ಮೆತ್ತೆ ಸವೆದು ಬಂದ ನೋವಿಗೆ ಅದು ಒಳ್ಳೆಯದು. ಎಳೆತದ ನೋವಿಗೆ ಅದರಿಂದ ಸಿಗುವುದು ಹಿಮ್ಮಡಿ ಒಂದಿಷ್ಟು ಎತ್ತರವಾದದ್ದರ ಲಾಭ ಮಾತ್ರ. ಕಮಾನಿನ ಕೆಳಗೆ ಏನೂ ಇಲ್ಲ, ಪಾದ ಹಿಂದಿನಂತೆಯೇ ಕುಸಿಯುತ್ತದೆ. ಮೇಲಾಗಿ ಜೆಲ್ ಮೆತ್ತಗಿದ್ದಷ್ಟೂ ಹಿಮ್ಮಡಿ ಅದರ ಮೇಲೆ ಒಳಕ್ಕೆ ವಾಲುತ್ತದೆ. ಹಾಕಲೇಬೇಕೆಂದರೆ ಎರಡೂ ಕಾಲಿಗೆ ಹಾಕಬೇಕು, ಒಂದಕ್ಕೇ ಹಾಕಿದರೆ ಸೊಂಟ ಮಾತಾಡಲು ಶುರುಮಾಡುತ್ತದೆ.

ಇನ್‌ಸೋಲ್ ಆರಿಸುವಾಗ ನೋಡಿದ್ದು ಮುಖ್ಯವಾಗಿ ಗಟ್ಟಿತನ ಮತ್ತು ಕಮಾನಿನ ಜಾಗ. ಕಮಾನಿನ ಎತ್ತರದ ಭಾಗವನ್ನು ಹೆಬ್ಬೆರಳಿನಿಂದ ಜೋರಾಗಿ ಒತ್ತಿದಾಗ ಸ್ವಲ್ಪ ತಗ್ಗಿ ಅಲ್ಲೇ ತಡೆಯಬೇಕು. ಪೂರ್ತಿ ತಗ್ಗಿ ನೆಲ ಮುಟ್ಟಿದರೆ ಎಂಬತ್ತು ಕಿಲೋ ಮೈಭಾರದ ಕೆಳಗೆ ಅದು ಕಾಗದಕ್ಕೆ ಸಮ. ‘ಮೆಮರಿ ಫೋಮ್’ ಎಂದು ಮಾರುವವೆಲ್ಲ ಬಹುತೇಕ ಇದೇ ಜಾತಿ. ಅಂಗಡಿಯಲ್ಲಿ ಎರಡು ನಿಮಿಷ ಸ್ವರ್ಗ, ಮಧ್ಯಾಹ್ನದೊಳಗೆ ಚಪ್ಪಟೆ. ಗಟ್ಟಿ ಇವಿಎ ಫೋಮಿನದು, ಅಥವಾ ಅಡಿಗೆ ತೆಳುವಾದ ಪ್ಲಾಸ್ಟಿಕ್ ಚಿಪ್ಪು ಇದ್ದು ಮೇಲೆ ಮೆತ್ತನೆ ಪದರ ಇರುವಂಥದು ಬೇಕು. ಹಿಮ್ಮಡಿ ಕೂರುವ ಜಾಗ ಸುತ್ತಲೂ ಅಂಚೆದ್ದ ಬಟ್ಟಲಿನಂತಿರಬೇಕು, ಆಗಲೇ ಹಿಮ್ಮಡಿ ವಾಲದೆ ನಿಲ್ಲುತ್ತದೆ.

ಕಮಾನಿನ ಜಾಗದ ವಿಷಯದಲ್ಲಿ ಮಾರುವವರೇ ದಾರಿ ತಪ್ಪಿಸುತ್ತಾರೆ. ‘ಎಂಟರಿಂದ ಹತ್ತು ನಂಬರು, ನಿಮ್ಮ ಅಳತೆಗೆ ಮುಂದೆ ಕತ್ತರಿಸಿಕೊಳ್ಳಿ’ ಎಂದು ಬರೆದಿರುತ್ತದೆ. ಮುಂದಿನ ತುದಿ ಕತ್ತರಿಸಿದರೆ ಉದ್ದ ಕಡಿಮೆಯಾಗುತ್ತದೆ, ಕಮಾನು ಇದ್ದಲ್ಲೇ ಇರುತ್ತದೆ. ಎಂಟು ನಂಬರಿನ ಪಾದಕ್ಕೆ ಹತ್ತು ನಂಬರಿನ ಕಮಾನು ಮುಂದೆ ಬಿದ್ದು, ಹೆಬ್ಬೆರಳ ಬುಡದ ಗುಬುಟಿನ ಹಿಂದೆ ಒತ್ತುತ್ತದೆ. ಅದಕ್ಕೇ ನೋಡಬೇಕಾದ ಅಳತೆ ಹಿಮ್ಮಡಿಯಿಂದ ಬೆರಳ ತುದಿಯವರೆಗಿನದಲ್ಲ, ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗುಬುಟಿನವರೆಗಿನದು. ಒಂದೇ ನಂಬರಿನ ಬೂಟು ಹಾಕುವ ಇಬ್ಬರಲ್ಲಿ ಈ ಅಳತೆ ಬೇರೆಯಾಗಬಹುದು, ಬೆರಳು ಉದ್ದ ಗಿಡ್ಡ ಇರುತ್ತವಲ್ಲ. ಇನ್‌ಸೋಲನ್ನು ನೆಲಕ್ಕಿಟ್ಟು ಮೇಲೆ ನಿಂತಾಗ ಒತ್ತು ಪಾದದ ಒಳಬದಿಯ ನಡುಭಾಗದಲ್ಲಿ, ಹಿಮ್ಮಡಿ ಮೂಳೆಗೆ ಸ್ವಲ್ಪ ಮುಂದಿನಿಂದ ಶುರುವಾಗಿ ಗುಬುಟಿಗೆ ಮುಂಚೆಯೇ ಇಳಿದುಹೋಗಬೇಕು.

ಅಳತೆ ತೆಗೆದು ಮಾಡಿಸುವ ಇನ್‌ಸೋಲ್ ಬೇಕೇ? ಬಣ್ಣಬಣ್ಣದ ಒತ್ತಡದ ಚಿತ್ರ ತೆಗೆದು ಹಲವು ಸಾವಿರಕ್ಕೆ ಮಾಡಿಕೊಡುವವರು ಈಗ ಊರೂರಿಗೆ ಬರುತ್ತಾರೆ. ಹಿಮ್ಮಡಿ ನೋವಿಗೆ ಸಿದ್ಧ ಇನ್‌ಸೋಲ್ ಮತ್ತು ಅಳತೆಯ ಇನ್‌ಸೋಲ್ ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಒಂದು ವರ್ಷದ ಹೊತ್ತಿಗೆ ಹೇಳಿಕೊಳ್ಳುವ ವ್ಯತ್ಯಾಸ ಕಂಡಿಲ್ಲ. ಎರಡು ಪಾದಗಳ ಆಕಾರವೇ ಬೇರೆಯಿದ್ದರೆ, ಬಿಗಿದ ಪಾದವಿದ್ದರೆ, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾಗಿದ್ದರೆ ಮಾತ್ರ ಅಳತೆಯದಕ್ಕೆ ಹೋಗುವುದು ಸರಿ. ಸಕ್ಕರೆ ಪರೀಕ್ಷೆ ಬೇಕೆಂದದ್ದು ಇದಕ್ಕೇ. ಸ್ಪರ್ಶವಿಲ್ಲದ ಪಾದಕ್ಕೆ ಗಟ್ಟಿ ಕಮಾನು ಒತ್ತಿ ಗಾಯವಾದರೂ ಗೊತ್ತಾಗುವುದಿಲ್ಲ.

ಹಾಕಿಕೊಳ್ಳುವುದೂ ಹಂತ ಹಂತವಾಗಿ. ಮೊದಲ ದಿನ ಒಂದು ತಾಸು, ಬಳಿಕ ದಿನಕ್ಕೊಂದು ತಾಸು ಏರಿಸುತ್ತ ಹೋದರೆ ಒಂದೂವರೆ ವಾರದಲ್ಲಿ ಪೂರ್ತಿ ದಿನಕ್ಕೆ ಬರುತ್ತದೆ. ಕಮಾನಿನಡಿ ನಿಂಬೆಹಣ್ಣು ಇಟ್ಟಂತೆ ಅನಿಸುವುದು ಸಹಜ, ನಾಲ್ಕೈದು ದಿನದಲ್ಲಿ ಅಭ್ಯಾಸವಾಗುತ್ತದೆ. ಆದರೆ ಕಾಲು ಹೊರಕ್ಕೆ ವಾಲಿ ಹೊರಬದಿಯ ಕಣಕಾಲು ಅಥವಾ ಮೊಣಕಾಲು ನೋಯತೊಡಗಿದರೆ ಕಮಾನು ಅತಿ ಎತ್ತರ. ಒಳಬದಿಯ ಚರ್ಮ ಕೆಂಪಾಗಿ ಬೊಬ್ಬೆಯೆದ್ದರೂ ಅದೇ ಅರ್ಥ. ಬೂಟಿನೊಳಗೆ ಮೊದಲೇ ಇದ್ದ ಹಾಸನ್ನು ತೆಗೆದೇ ಹೊಸದನ್ನು ಹಾಕಬೇಕು. ಒಂದರ ಮೇಲೊಂದು ಹಾಕಿದರೆ ಹಿಮ್ಮಡಿ ಮೇಲೆದ್ದು ಬೂಟಿನಿಂದ ಜಾರುತ್ತದೆ, ಎಲ್ಲ ವ್ಯರ್ಥ.

ಬೂಟಿನದೂ ಅಷ್ಟೇ ಮಾತು. ಮೆತು ಬೂಟಿನಲ್ಲಿ ಗಟ್ಟಿ ಇನ್‌ಸೋಲ್ ಇಟ್ಟರೆ ಬೂಟೇ ಒಳಕ್ಕೆ ವಾಲುತ್ತದೆ. ಕೊಳ್ಳುವಾಗ ಹಿಮ್ಮಡಿಯ ಹಿಂದಿನ ಗೋಡೆಯನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿದೆ, ಸುಲಭಕ್ಕೆ ಮಡಚಬಾರದು. ತುದಿ ಹಿಡಿದು ಬಗ್ಗಿಸಿದರೆ ಬೆರಳುಗಳ ಬುಡದಲ್ಲಿ ಬಗ್ಗಬೇಕು, ನಡುವೆ ಬಗ್ಗಿದರೆ ವಾಪಸ್. ಒದ್ದೆ ಬಟ್ಟೆ ಹಿಂಡುವಂತೆ ತಿರುವಿದಾಗ ಪೂರ್ತಿ ತಿರುಚಿಕೊಳ್ಳುವ ಬೂಟು ಚಪ್ಪಟೆ ಪಾದಕ್ಕೆ ಆಗದು. ಹಿಮ್ಮಡಿ ಮುಂಗಾಲಿಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರವಿದ್ದರೆ ನಾರುಪಟ್ಟಿಗೂ ಮೀನಖಂಡಕ್ಕೂ ಆರಾಮ. ಕೊಳ್ಳುವುದು ಸಂಜೆ, ಪಾದ ಊದಿರುವಾಗ, ನಿಂತುಕೊಂಡೇ ನೋಡಿ.

ಇಷ್ಟೆಲ್ಲ ಆದರೂ ನಮ್ಮೂರ ಬೇಸಿಗೆಯಲ್ಲಿ, ನಲವತ್ತು ಡಿಗ್ರಿ ದಾಟುವ ದಿನಗಳಲ್ಲಿ, ಸಾಕ್ಸು ಬೂಟು ಹಾಕಿ ಹತ್ತು ತಾಸು ನಿಲ್ಲುವುದಾಗದು. ಮೇಲಾಗಿ ಹೊಸ್ತಿಲ ಪ್ರಶ್ನೆ ಹಾಗೇ ಉಳಿದಿತ್ತು. ಹೊರಗೆ ಎಷ್ಟು ಚಂದದ ಬೂಟು ಇದ್ದರೇನು, ಅದನ್ನು ಬಿಟ್ಟು ಒಳಗೆ ಬಂದ ಮೇಲೆ ಕಲ್ಲೇ ತಾನೆ? “ಗಲ್ಲಾದ ಹತ್ರ ಮೆಟ್ಟು ಬ್ಯಾಡಪ್ಪ” ಎಂದು ಅಪ್ಪ ಖಡಾಖಂಡಿತ ಹೇಳಿದರು. ಕೊನೆಗೆ ರಾಜಿಯಾದದ್ದು ಹೀಗೆ: ದೇವರ ಪಟ ಮತ್ತು ಗಲ್ಲಾ ಇರುವ ಮೂಲೆಗೆ, ಗಿರಾಕಿಗಳು ಕೂರುವ ಗಾದಿಗೆ ಬರಿಗಾಲು. ಬಟ್ಟೆ ಬಿಚ್ಚಿ ತೋರಿಸುವ ಕೌಂಟರಿನ ಹಿಂದಿನ ಪಟ್ಟಿಯಲ್ಲಿ, ಬೀದಿ ಮುಟ್ಟದ, ಅಂಗಡಿಗಾಗಿಯೇ ಇಟ್ಟ ಒಂದು ಜೊತೆ ಚಪ್ಪಲಿ. ರಾತ್ರಿ ಅದು ಕೌಂಟರಿನ ಕೆಳಗೇ ಉಳಿಯುತ್ತದೆ.

ಆ ಜೊತೆಯನ್ನು ಮಾಡಿಸಿದ್ದು ಚಪ್ಪಲಿ ಹೊಲಿಯುವವರ ಹತ್ತಿರ, ಎಂಸಿಆರ್ ರಬ್ಬರಿನಲ್ಲಿ. ಸಕ್ಕರೆ ಕಾಯಿಲೆಯವರಿಗೆ ಡಾಕ್ಟರು ಬರೆದುಕೊಡುವ ಮೆತ್ತನೆ ಚಪ್ಪಲಿಯ ರಬ್ಬರ್ ಇದೇ. ಎಂಸಿಆರ್ ಹಿಮ್ಮಡಿಗೆ ಮೆತ್ತೆ ಕೊಡುತ್ತದೆ, ಕಮಾನು ಕೊಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಿದ್ಧ ಎಂಸಿಆರ್ ಚಪ್ಪಲಿ ಚಪ್ಪಟೆ ಪಾದದವರಿಗೆ ಅರ್ಧ ಕೆಲಸ ಮಾತ್ರ ಮಾಡುವುದು ಅದಕ್ಕೇ. ಕಟ್ಟಿದ ಕ್ರಮ ಹೇಳುತ್ತೇನೆ, ಯಾರಾದರೂ ಮಾಡಿಸಬಹುದು. ಅಡಿಗೆ ಗಟ್ಟಿ ರಬ್ಬರ್ ಸೋಲ್. ಅದರ ಮೇಲೆ ಗಟ್ಟಿ ಇವಿಎ ಪದರ, ಹಿಮ್ಮಡಿ ಕಡೆ ದಪ್ಪ, ಮುಂದಕ್ಕೆ ತೆಳು. ಮೇಲೆ ಎಂಸಿಆರ್. ಹಿಂದೆ ಪಟ್ಟಿ ಇರಲೇಬೇಕು. ಇಲ್ಲದಿದ್ದರೆ ಚಪ್ಪಲಿ ಜಾರದಂತೆ ಬೆರಳುಗಳು ಸದಾ ಹಿಡಿದುಕೊಂಡಿರುತ್ತವೆ, ಮತ್ತು ಕಮಾನು ಪ್ರತಿ ಹೆಜ್ಜೆಗೂ ಜಾಗ ತಪ್ಪುತ್ತದೆ.

ಕಮಾನಿನ ತುಂಡು ಗಟ್ಟಿ ಇವಿಎದ್ದು. ನನ್ನ ಎಂಟು ನಂಬರಿನ ಪಾದಕ್ಕೆ ಉದ್ದ ಎಂಟು ಸೆಂಟಿಮೀಟರಿಗೆ ಸ್ವಲ್ಪ ಮೇಲೆ, ಅಗಲ ಮೂರು, ಎತ್ತರದ ಜಾಗದಲ್ಲಿ ದಪ್ಪ ಒಂದು ಸೆಂಟಿಮೀಟರ್, ಸುತ್ತ ಅಂಚುಗಳನ್ನು ಉಜ್ಜಿ ಸೊನ್ನೆಗೆ ಇಳಿಸಿದ್ದು. ಜಾಗ ಗುರುತಿಸಲು ಪಾದದ ಒಳಬದಿಯಲ್ಲಿ, ಕಣಕಾಲಿಗೆ ಕೆಳಗೆ ಮುಂದೆ ಉಬ್ಬಿ ಕಾಣುವ ಮೂಳೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಸೋಲಿನ ಮೇಲೆ ನಿಂತು, ಅದರ ನೇರಕ್ಕೆ ಗೆರೆ ಎಳೆದೆವು. ಎತ್ತರದ ಭಾಗ ಆ ಗೆರೆಗೆ ಸರಿಯಾಗಿ. ತುಂಡನ್ನು ಎಂಸಿಆರ್ ಮೇಲೆ ಅಂಟಿಸಿದರೆ ಕೆಲಸ ಬೇಗ ಮುಗಿಯುತ್ತದಲ್ಲ ಎಂದರೆ, “ಮ್ಯಾಲೆ ಅಂಟಿಸಿದ್ರೆ ಬೆವರಿಗೆ ವಾರದಾಗ ಸರೀತದ ಸಾವ್ಕಾರ್ರೆ” ಎಂದು ಎಂಸಿಆರ್ ಕೆಳಗೇ ಕೂರಿಸಿದರು. ಸಲ್ಯೂಷನ್ ಎರಡೂ ಮೈಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾದು, ಆಮೇಲೆ ಕೂಡಿಸಿ ಸುತ್ತಿಗೆಯಿಂದ ಬಡಿಯಬೇಕು. ಹಸಿಯಿದ್ದಾಗಲೇ ಒತ್ತಿದ ಅಂಟು ನಿಲ್ಲುವುದಿಲ್ಲ. ಮೊದಲ ದಿನ ಅಂಚುಗಳಿಗೆ ಹೊಲಿಗೆ ಹಾಕಿಸಲಿಲ್ಲ. ಒಂದು ವಾರ ಹಾಕಿ ನೋಡಿ, ಒತ್ತು ಎಲ್ಲಿ ಬೀಳುತ್ತದೆ ಎಂದು ತಿಳಿದು, ಎಡಗಾಲಿನದನ್ನು ಎರಡು ಮಿಲಿಮೀಟರ್ ಉಜ್ಜಿಸಿ ಆಮೇಲೆ ಹೊಲಿಸಿದ್ದು.

ಕೌಂಟರಿನ ಹಿಂದೆ ರಬ್ಬರ್ ಚಾಪೆಯೂ ಬಂತು, ಒಂದೂವರೆ ಸೆಂಟಿಮೀಟರ್ ದಪ್ಪದ್ದು. ಹಾಸಿಗೆಯಂತೆ ಮೆತ್ತಗಿದ್ದರೆ ಪಾದ ಹೂತು ಮತ್ತೆ ಒಳಕ್ಕೆ ವಾಲುತ್ತದೆ, ನಿಂತಾಗ ಪಾದದಡಿ ತುಸುವೇ ಒತ್ತಿಕೊಳ್ಳುವಷ್ಟು ಗಟ್ಟಿ ಇರಬೇಕು. ಚಾಪೆಯ ತುದಿ ಇಳಿಜಾರಾಗಿ ಕತ್ತರಿಸಿದ್ದಿರಲಿ, ಸೀರೆ ಥಾನು ಹೊತ್ತು ಓಡಾಡುವ ಹುಡುಗರು ಎಡವುತ್ತಾರೆ. ಗೇಣುದ್ದಕ್ಕಿಂತ ಕಡಿಮೆ ಎತ್ತರದ ಒಂದು ಮಣೆ ಇಟ್ಟು ಒಂದೊಂದು ಕಾಲನ್ನು ಸರದಿಯಲ್ಲಿ ಅದರ ಮೇಲಿಡುವುದು ಖರ್ಚಿಲ್ಲದ ಉಪಾಯ. ಗಿರಾಕಿ ಸೀರೆ ಆರಿಸುತ್ತ ಕೂತಾಗ ಮಾಡಬಹುದು, ಯಾರ ಕಣ್ಣಿಗೂ ಬೀಳುವುದಿಲ್ಲ.

ವ್ಯಾಯಾಮವಿಲ್ಲದೆ ಇನ್‌ಸೋಲ್ ಒಂದೇ ಈ ನೋವನ್ನು ಕಳೆಯುವುದಿಲ್ಲ. ಬೆಳಿಗ್ಗೆ ಕಾಲು ನೆಲಕ್ಕೆ ಇಡುವ ಮುಂಚೆ ಹಾಸಿಗೆಯಲ್ಲೇ ಕೂತು, ನೋವಿನ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹತ್ತು ಎಣಿಸುವವರೆಗೆ ಹಿಡಿಯಬೇಕು. ಸರಿಯಾಗಿ ಎಳೆದಿದ್ದರೆ ಅಂಗಾಲಿನಲ್ಲಿ ಪಟ್ಟಿ ತಂತಿಯಂತೆ ಬಿಗಿದದ್ದು ಇನ್ನೊಂದು ಕೈಗೆ ಸಿಗುತ್ತದೆ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವುದು ಮೊಣಕಾಲು ನೆಟ್ಟಗಿಟ್ಟು ಒಮ್ಮೆ, ಬಗ್ಗಿಸಿ ಒಮ್ಮೆ, ತಲಾ ಅರ್ಧ ನಿಮಿಷ.

ಬಲ ತುಂಬುವ ವ್ಯಾಯಾಮ ದಿನ ಬಿಟ್ಟು ದಿನ. ಮೆಟ್ಟಿಲ ಅಂಚಿನಲ್ಲಿ ಸುತ್ತಿದ ಟವೆಲಿನ ಮೇಲೆ ಬೆರಳುಗಳನ್ನು ಇಟ್ಟು, ಮೂರು ಎಣಿಸುತ್ತ ಹಿಮ್ಮಡಿ ಎತ್ತಿ, ಎರಡು ಎಣಿಸುವಷ್ಟು ನಿಂತು, ಮೂರು ಎಣಿಸುತ್ತ ಇಳಿಸುವುದು. ಟವೆಲ್ ಬೆರಳುಗಳನ್ನು ಮೇಲಕ್ಕೆತ್ತುವುದರಿಂದ ನಾರುಪಟ್ಟಿಗೂ ಕೆಲಸ ಬೀಳುತ್ತದೆ. ಹನ್ನೆರಡು ಸಲದ ಮೂರು ಸುತ್ತು. ಮೊದಲು ಎರಡೂ ಕಾಲಲ್ಲಿ, ಹಗುರವೆನಿಸಿದ ಮೇಲೆ ಒಂಟಿ ಕಾಲಲ್ಲಿ. ಮಾಡುವಾಗ ಸ್ವಲ್ಪ ನೋವು ಬಂದರೆ ಬರಲಿ. ಮರುದಿನ ಬೆಳಗಿನ ಮೊದಲ ಹೆಜ್ಜೆ ಹಿಂದಿನ ದಿನಕ್ಕಿಂತ ಕೆಟ್ಟಿದ್ದರೆ ಸುತ್ತು ಕಡಿಮೆ ಮಾಡಬೇಕು. ಸಂಜೆಯ ನೋವನ್ನು ನಂಬಿ ಲೆಕ್ಕ ಹಾಕಬೇಡಿ, ಅದು ಆ ದಿನದ ಗಿರಾಕಿಗಳ ಮೇಲೆ ಹೋಗುತ್ತದೆ. ಬೆಳಗಿನ ಮೊದಲ ಹೆಜ್ಜೆಗೆ ಹತ್ತಕ್ಕೆ ಎಷ್ಟು ಎಂದು ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಇಳಿಯುತ್ತಿದೆಯೋ ಇಲ್ಲವೋ ಕಾಣುತ್ತದೆ. ನನ್ನದು ಎಂಟರಿಂದ ಶುರುವಾಗಿ, ಎರಡು ತಿಂಗಳಾದರೂ ಐದರಲ್ಲೇ ನಿಂತಿತ್ತು. ಅಂಗಡಿಗಾಗಿ ಮಾಡಿಸಿದ ಚಪ್ಪಲಿ ಬಂದ ಮೇಲೆ ಮೂರಕ್ಕೆ ಇಳಿದು, ಆರನೆಯ ತಿಂಗಳ ಹೊತ್ತಿಗೆ ಒಂದರ ಆಸುಪಾಸಿಗೆ ಬಂತು.

ನಡುವೆ ಇಂಜೆಕ್ಷನ್ ಮಾತೂ ಬಂದಿತ್ತು. ಸ್ಟೆರಾಯ್ಡ್ ಕೆಲವು ವಾರ ನೋವು ಇಳಿಸುವುದು ನಿಜ. ಆದರೆ ನಾರುಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬು ಕರಗುವ ಅಪಾಯ ಇರುವುದರಿಂದ ದಿನವಿಡೀ ನಿಲ್ಲುವವರಿಗೆ ಮೊದಲ ಆಯ್ಕೆ ಅದಲ್ಲ ಎಂದು ಡಾಕ್ಟರೇ ಮುಂದೂಡಿದರು. ಬೇಕಾಗಲೇ ಇಲ್ಲ.

ದಸರೆಯಿಂದ ದೀಪಾವಳಿವರೆಗೆ ಅಂಗಡಿ ಬೇಗ ತೆಗೆದು ತಡವಾಗಿ ಮುಚ್ಚುವುದರಿಂದ ನಿಲ್ಲುವುದು ಹದಿಮೂರು ತಾಸಿಗೆ ಹೋಗುತ್ತದೆ. ಆ ದಿನಗಳಿಗೆ ಎರಡು ಜೊತೆ ಇಟ್ಟುಕೊಂಡು ಮಧ್ಯಾಹ್ನ ಬದಲಾಯಿಸುತ್ತೇನೆ, ಬೆವರು ಒಣಗಲು ಫೋಮಿಗೂ ಬಿಡುವು ಬೇಕು. ಸೀಸನ್ ಮುಗಿದ ಮೇಲೆ ಕಮಾನಿನ ಮೇಲೆ ಹೆಬ್ಬೆರಳೂರಿ ನೋಡುತ್ತೇನೆ. ಮೊದಲಿನಂತೆ ತಡೆಯದೆ ತಗ್ಗಿದರೆ, ಅಥವಾ ಚಪ್ಪಲಿಯನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದಾಗ ಹಿಮ್ಮಡಿ ಒಳಕ್ಕೆ ವಾಲಿದ್ದರೆ, ಕಮಾನಿನ ತುಂಡನ್ನಷ್ಟೇ ಬದಲಿಸಿದರೆ ಸಾಲದು, ಇವಿಎ ಪದರವನ್ನೂ ಬದಲಿಸಬೇಕು. ಕುಸಿಯುವುದು ಮೊದಲು ಅದೇ.